ಬೀಗ ಯಾರ ಕೈಯಲ್ಲಿದೆ?

1997ರ ಜುಲೈ 4ರಂದು ನಾಸಾದ ಪಾಥ್‌ಫೈಂಡರ್ ನೌಕೆ ಮಂಗಳ ಗ್ರಹದ ಮೇಲೆ ಸುರಕ್ಷಿತವಾಗಿ ಇಳಿಯಿತು. ಕೆಲವು ದಿನ ಕಳೆದು, ಅಲ್ಲಿನ ಹವಾಮಾನದ ಮಾಹಿತಿ ಸಂಗ್ರಹಿಸುವ ಕೆಲಸ ಶುರುವಾದ ಮೇಲೆ, ಅದರ ಕಂಪ್ಯೂಟರ್ ಇದ್ದಕ್ಕಿದ್ದಂತೆ ತಾನಾಗಿಯೇ ರೀಸೆಟ್ ಆಗತೊಡಗಿತು. ಒಮ್ಮೆ ರೀಸೆಟ್ ಆದರೆ ಆ ದಿನ ಉಳಿದ ಕೆಲಸವೆಲ್ಲ ಮರುದಿನಕ್ಕೆ ಹೋಗುತ್ತಿತ್ತು. ಯಂತ್ರದ ಯಾವ ಭಾಗವೂ ಕೆಟ್ಟಿರಲಿಲ್ಲ. ಒಂದು ಬೀಗವನ್ನು ಹಿಡಿದವರು ಬಿಡುವುದು ತಡವಾಗುತ್ತಿತ್ತು, ಅಷ್ಟೇ.

ಆ ನೌಕೆಯಲ್ಲಿದ್ದದ್ದು ವಿಎಕ್ಸ್‌ವರ್ಕ್ಸ್ ಎಂಬ ಆರ್‌ಟಿಒಎಸ್, ಅಂದರೆ ಕೆಲಸವನ್ನು ಗೊತ್ತಾದ ಸಮಯದೊಳಗೆ ಮುಗಿಸಲೇಬೇಕಾದ ಯಂತ್ರಗಳಿಗೆಂದು ಮಾಡಿದ ಆಪರೇಟಿಂಗ್ ಸಿಸ್ಟಂ. ಕಾರಿನ ಬ್ರೇಕ್ ನಿಯಂತ್ರಕದಿಂದ ಆಸ್ಪತ್ರೆಯ ಪಂಪಿನವರೆಗೆ ಇಂಥವು ಎಲ್ಲೆಲ್ಲೂ ಇವೆ. ಇದರಲ್ಲಿ ಪ್ರೋಗ್ರಾಮನ್ನು ಹಲವು ಟಾಸ್ಕ್‌ಗಳಾಗಿ ಒಡೆದು, ಪ್ರತಿಯೊಂದಕ್ಕೂ ಒಂದು ಆದ್ಯತೆ ಕೊಡುತ್ತಾರೆ. ಪ್ರೊಸೆಸರ್ ಒಂದೇ. ಹೆಚ್ಚಿನ ಆದ್ಯತೆಯ ಟಾಸ್ಕ್ ಎದ್ದು ನಿಂತರೆ, ಕೆಳಗಿನದು ಮಾಡುತ್ತಿದ್ದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ದಾರಿ ಬಿಡಬೇಕು.

ತೊಡಕು ಇರುವುದು ಆ 'ಅಲ್ಲಿಗೇ' ಎಂಬಲ್ಲಿ. ಎರಡು ಟಾಸ್ಕ್‌ಗಳು ಒಂದೇ ಪಟ್ಟಿಯನ್ನು ತಿದ್ದುತ್ತಿವೆ ಎನ್ನೋಣ. ಒಂದು ಅರ್ಧ ತಿದ್ದಿರುವಾಗಲೇ ಇನ್ನೊಂದು ನುಗ್ಗಿದರೆ ಪಟ್ಟಿ ಕೆಡುತ್ತದೆ. ಅದನ್ನು ತಡೆಯಲು ಇರುವ ಬೀಗವೇ ಮ್ಯೂಟೆಕ್ಸ್. ತಿದ್ದುವ ಮುನ್ನ ಬೀಗವನ್ನು ಹಿಡಿಯಬೇಕು, ತಿದ್ದಿದ ಮೇಲೆ ಬಿಡಬೇಕು, ಹಿಡಿದ ಟಾಸ್ಕೇ ಬಿಡಬೇಕು.

ಪಾಥ್‌ಫೈಂಡರ್‌ನಲ್ಲಿ ಹವಾಮಾನದ ಟಾಸ್ಕ್‌ನ ಆದ್ಯತೆ ಬಹಳ ಕೆಳಗಿತ್ತು. ಅದು ಆಗಾಗ ಇಂಥದೊಂದು ಮ್ಯೂಟೆಕ್ಸನ್ನು ಅರೆಕ್ಷಣ ಹಿಡಿಯುತ್ತಿತ್ತು. ನೌಕೆಯ ಮಾಹಿತಿಯನ್ನು ಹಂಚುವ, ಬಹಳ ಮೇಲಿನ ಆದ್ಯತೆಯ ಟಾಸ್ಕ್‌ಗೂ ಅದೇ ಮ್ಯೂಟೆಕ್ಸ್ ಬೇಕಿತ್ತು. ಕೆಳಗಿನದು ಬೀಗ ಹಿಡಿದಿರುವಾಗ ಮೇಲಿನದು ಬಂದರೆ ಸ್ವಲ್ಪ ಕಾಯಬೇಕು, ಅದರಲ್ಲಿ ತಪ್ಪೇನಿಲ್ಲ. ಆದರೆ ಅದೇ ಹೊತ್ತಿಗೆ ನಡುವಿನ ಆದ್ಯತೆಯ, ಆ ಬೀಗಕ್ಕೆ ಸಂಬಂಧವೇ ಇಲ್ಲದ ಟಾಸ್ಕ್‌ಗಳು ಎದ್ದವು. ಅವು ಹವಾಮಾನದ ಟಾಸ್ಕ್‌ಗಿಂತ ಮೇಲಿನವು, ಹಾಗಾಗಿ ಅದನ್ನು ಬದಿಗೆ ಸರಿಸಿ ಪ್ರೊಸೆಸರ್ ಹಿಡಿದುಕೊಂಡವು. ಹವಾಮಾನದ ಟಾಸ್ಕ್‌ಗೆ ಓಡಲು ಅವಕಾಶವಿಲ್ಲ, ಓಡದೆ ಬೀಗ ಬಿಡಲಾಗದು, ಬೀಗ ಬಿಡದೆ ಮೇಲಿನ ಟಾಸ್ಕ್ ಕದಲದು. ಎಲ್ಲಕ್ಕಿಂತ ತುರ್ತಿನ ಕೆಲಸಗಳಲ್ಲೊಂದು ಹೀಗೆ ನಡುವಿನವರಿಗಾಗಿ ಕಾದು ಕುಳಿತಿತು. ಇದಕ್ಕೆ ಆದ್ಯತೆಯ ತಲೆಕೆಳಗು ಎನ್ನುತ್ತಾರೆ.

ಸೆಕೆಂಡಿಗೆ 8 ಸಲ ಏಳುವ ಇನ್ನೊಂದು ಟಾಸ್ಕ್, ಹಂಚುವ ಕೆಲಸ ಮುಗಿದಿದೆಯೇ ಎಂದು ನೋಡುತ್ತಿತ್ತು. ಮುಗಿದಿಲ್ಲವೆಂದು ಕಂಡಾಗ ಏನೋ ದೊಡ್ಡ ಎಡವಟ್ಟಾಗಿದೆ ಎಂದು ತೀರ್ಮಾನಿಸಿ ಇಡೀ ವ್ಯವಸ್ಥೆಯನ್ನು ರೀಸೆಟ್ ಮಾಡಿಸುತ್ತಿತ್ತು. ಅದು ಮಾಡಿದ್ದು ಸರಿಯೇ. ಇಳಿಯುವ ಮೊದಲೇ ಭೂಮಿಯ ಮೇಲಿನ ಪರೀಕ್ಷೆಯಲ್ಲಿ ಈ ದೋಷ ತಲೆದೋರಿತ್ತು, ಆದರೆ ಹುಡುಕಹೋದಾಗ ಮತ್ತೆ ಕಾಣಿಸಿಕೊಳ್ಳಲಿಲ್ಲ. ಮೂರು ಟಾಸ್ಕ್‌ಗಳು ಒಂದು ನಿರ್ದಿಷ್ಟ ಕ್ರಮದಲ್ಲಿ ಸೇರಿದರೆ ಮಾತ್ರ ಆಗುವ ಘಟನೆ ಬೇಕೆಂದಾಗ ಬರುವುದಿಲ್ಲ.

ಪರಿಹಾರದ ಹಾದಿ ಆಗಲೇ ಗೊತ್ತಿತ್ತು. ಲುಯಿ ಶಾ, ರಾಗುನಾಥನ್ ರಾಜ್‌ಕುಮಾರ್, ಜಾನ್ ಲೆಹೋಕ್ಸ್‌ಕಿ 1990ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಆದ್ಯತೆಯನ್ನು ಎರವಲು ಕೊಡುವ ವಿಧಾನ ವಿವರಿಸಿದ್ದರು. ಮೇಲಿನ ಟಾಸ್ಕ್ ಬೀಗಕ್ಕಾಗಿ ಕಾಯುವಷ್ಟು ಹೊತ್ತು, ಬೀಗ ಹಿಡಿದವನಿಗೆ ಮೇಲಿನದೇ ಆದ್ಯತೆ ಸಿಗುತ್ತದೆ. ನಡುವಿನವರು ಅವನನ್ನು ಸರಿಸಲಾರರು. ಅವನು ಬೇಗ ಮುಗಿಸಿ, ಬೀಗ ಬಿಟ್ಟು, ತನ್ನ ಹಳೆಯ ಸ್ಥಾನಕ್ಕೆ ಮರಳುತ್ತಾನೆ. ವಿಎಕ್ಸ್‌ವರ್ಕ್ಸ್‌ನಲ್ಲಿ ಈ ಸೌಲಭ್ಯ ಇತ್ತು, ಆದರೆ ಆ ಮ್ಯೂಟೆಕ್ಸ್‌ಗೆ ಆನ್ ಆಗಿರಲಿಲ್ಲ. ಎಂಜಿನಿಯರುಗಳು ಪ್ರಯೋಗಾಲಯದಲ್ಲಿದ್ದ ಪ್ರತಿಯ ಮೇಲೆ ದೋಷವನ್ನು ಮರುಕಳಿಸುವಂತೆ ಮಾಡಿ, ಕಾರಣ ಖಚಿತಪಡಿಸಿಕೊಂಡು, ಬದಲಾವಣೆಯನ್ನು ಮಂಗಳಕ್ಕೆ ಕಳಿಸಿದರು. ರೀಸೆಟ್ ನಿಂತಿತು.

ಇಲ್ಲಿ ಗಮನಿಸಬೇಕಾದ್ದು, ಎರವಲು ಕೊಡಬೇಕಾದರೆ ಬೀಗ ಯಾರ ಕೈಯಲ್ಲಿದೆ ಎಂದು ವ್ಯವಸ್ಥೆಗೆ ತಿಳಿದಿರಬೇಕು. ಮ್ಯೂಟೆಕ್ಸ್‌ಗೆ ಒಡೆಯನಿದ್ದಾನೆ. ಸೆಮಾಫೋರ್‌ಗೆ ಇಲ್ಲ. ಸೆಮಾಫೋರ್ ಮನೆಯ ಕರೆಗಂಟೆಯಂತೆ: ಒತ್ತುವವರು ಒಬ್ಬರು, ಓಗೊಡುವವರು ಇನ್ನೊಬ್ಬರು. ಸೀರಿಯಲ್ ಪೋರ್ಟಿಗೆ ಒಂದು ಅಕ್ಷರ ಬಂದಾಗ ಇಂಟರಪ್ಟ್ ಸೆಮಾಫೋರನ್ನು ಕೊಡುತ್ತದೆ, ಅದಕ್ಕಾಗಿ ಮಲಗಿದ್ದ ಟಾಸ್ಕ್ ಎದ್ದು ಕೆಲಸ ಮಾಡುತ್ತದೆ. ಎಣಿಕೆಯ ಸೆಮಾಫೋರ್ ಆದರೆ ಎಷ್ಟು ಸಲ ಕೊಟ್ಟರು ಎಂಬ ಲೆಕ್ಕವನ್ನೂ ಇಡುತ್ತದೆ. ಇಂದು ಬಹಳ ಬಳಕೆಯಲ್ಲಿರುವ ಫ್ರೀಆರ್‌ಟಿಒಎಸ್‌ನಲ್ಲಿ `xSemaphoreCreateMutex` ಮಾಡಿಕೊಡುವ ಬೀಗಕ್ಕೆ ಎರವಲು ತಾನಾಗಿ ಇರುತ್ತದೆ, `xSemaphoreCreateBinary` ಕೊಡುವುದಕ್ಕೆ ಇಲ್ಲ. ಎರಡನ್ನೂ ಹಿಡಿಯುವ, ಬಿಡುವ ಕರೆಗಳು ಒಂದೇ ಆಗಿರುವುದರಿಂದ ಬೀಗದ ಜಾಗದಲ್ಲಿ ಸೆಮಾಫೋರ್ ಹಾಕಿ, ಆರಂಭದಲ್ಲಿ ಅದನ್ನು ಒಮ್ಮೆ ಕೊಟ್ಟಿಟ್ಟರೆ ಪ್ರೋಗ್ರಾಂ ಚೆನ್ನಾಗಿ ಓಡುತ್ತದೆ, ಮಂಗಳದ ಮೇಲಾದಂಥ ದಿನ ಬರುವವರೆಗೆ. ಹಂಚಿಕೊಂಡ ವಸ್ತುವಿನ ಕಾವಲಿಗೆ ಸೆಮಾಫೋರ್ ಬಳಸಿದ್ದು ಕಂಡರೆ ತಿದ್ದಿಯೇ ಮುಂದೆ ಹೋಗಬೇಕು.

ಇದು ಟಾಸ್ಕ್‌ಗಳು ಹಂಚಿಕೊಳ್ಳುವ ಮೆಮೊರಿಯ ಮಾತಾಯಿತು. ಪ್ರತಿ ಟಾಸ್ಕ್‌ಗೂ ತನ್ನದೇ ಆದ ಮೆಮೊರಿಯೂ ಒಂದಿರುತ್ತದೆ, ಅದು ಸ್ಟ್ಯಾಕ್. ಫಂಕ್ಷನ್‌ಗಳ ಸ್ಥಳೀಯ ವೇರಿಯಬಲ್‌ಗಳು, ಹಿಂದಿರುಗುವ ವಿಳಾಸಗಳು, ಟಾಸ್ಕನ್ನು ಬದಿಗೆ ಸರಿಸುವಾಗ ಉಳಿಸುವ ರಿಜಿಸ್ಟರ್‌ಗಳು ಇಲ್ಲಿರುತ್ತವೆ. ಅಗ್ಗದ ಚಿಪ್‌ಗಳಲ್ಲಿ ಒಂದರ ಸ್ಟ್ಯಾಕ್‌ಗೂ ಪಕ್ಕದ ಮೆಮೊರಿಗೂ ನಡುವೆ ಗೋಡೆಯಿಲ್ಲ. ಒಂದು ಉಕ್ಕಿದರೆ ಹಾಳಾಗುವುದು ಪಕ್ಕದ್ದು, ಅದು ಮ್ಯೂಟೆಕ್ಸೇ ಆಗಿರಬಹುದು. ದೋಷ ಕಾಣುವುದು ಒಂದೆಡೆ, ಕಾರಣ ಇನ್ನೊಂದೆಡೆ.

ಎಸ್‌ಟಿಎಂ32ಎಫ್103ಸಿ8 ಎಂಬ ಜನಪ್ರಿಯ ಚಿಪ್‌ನಲ್ಲಿ ಒಟ್ಟು 20 ಕೆಬಿ ರ‍್ಯಾಮ್ ಮಾತ್ರ. ಅದರ ಮೇಲೆ ಮಾಹಿತಿಯನ್ನು ಪಠ್ಯವಾಗಿಸಿ ಕಳಿಸುವ ಒಂದು ಟಾಸ್ಕನ್ನು ಊಹಿಸಿಕೊಳ್ಳಬಹುದು. ಮೊದಲಿಗೆ ಧಾರಾಳವಾಗಿ ಕೊಟ್ಟು, ಆಮೇಲೆ ಅಳೆಯುವುದು ವಾಡಿಕೆ:

```c
xTaskCreate(logTask, "log", 512, NULL, 2, NULL);
/* logTask ಒಳಗೆ */
left = uxTaskGetStackHighWaterMark(NULL);
```

ಇಲ್ಲಿ 512 ಎಂದರೆ ಬೈಟ್ ಅಲ್ಲ, ಪದಗಳು. ಈ ಚಿಪ್‌ನಲ್ಲಿ ಒಂದು ಪದಕ್ಕೆ 4 ಬೈಟ್, ಅಂದರೆ 2048 ಬೈಟ್. ಅದೇ ಫ್ರೀಆರ್‌ಟಿಒಎಸ್‌ನ ಇಎಸ್‌ಪಿ32 ಆವೃತ್ತಿಯಲ್ಲಿ ಬೈಟ್ ಲೆಕ್ಕ, ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಕೋಡ್ ಒಯ್ಯುವಾಗ ಸ್ಟ್ಯಾಕ್ ಸದ್ದಿಲ್ಲದೆ ಕಾಲುಭಾಗಕ್ಕೆ ಇಳಿಯಬಹುದು. ಎರಡನೆಯ ಕರೆ, ಇದುವರೆಗೆ ಒಮ್ಮೆಯೂ ಮುಟ್ಟದೆ ಉಳಿದ ಪದಗಳ ಸಂಖ್ಯೆ ಹೇಳುತ್ತದೆ. ಟಾಸ್ಕ್ ಹುಟ್ಟಿದಾಗಲೇ ಸ್ಟ್ಯಾಕ್ ತುಂಬ ಒಂದು ಗುರುತಿನ ಮೌಲ್ಯ ಬರೆದಿಟ್ಟು, ಅದು ಎಷ್ಟು ಅಳಿಯದೆ ಉಳಿದಿದೆ ಎಂದು ನೋಡುವುದೇ ಇದರ ತಂತ್ರ.

ದಿನವಿಡೀ ಓಡಿಸಿದಾಗ 310 ಉಳಿಯಿತು ಎನ್ನೋಣ. ಬಳಸಿದ್ದು 202 ಪದ, 808 ಬೈಟ್. ಅರ್ಧದಷ್ಟು ಹೆಚ್ಚಿಗೆ ಸೇರಿಸಿ 1212 ಬೈಟ್ ಕೊಟ್ಟರೆ ಸಾಕೆನಿಸುತ್ತದೆ. ಆದರೆ ಕೇಬಲ್ ಕಿತ್ತು, ದೋಷ ವರದಿ ಮಾಡುವ ಹಾದಿಯನ್ನೂ ಓಡಿಸಿದಾಗ, ಅಲ್ಲಿನ `snprintf` ಒಳಕರೆಗಳಿಂದ ಉಳಿಕೆ 232ಕ್ಕೆ ಇಳಿದರೆ ಬಳಕೆ 280 ಪದ, ಅಂದರೆ 1120 ಬೈಟ್. ಮೊದಲ ಲೆಕ್ಕದಲ್ಲಿ ಉಳಿಯುತ್ತಿದ್ದುದು 92 ಬೈಟ್ ಮಾತ್ರ. ಈಗ 420 ಪದ ಕೊಡುವುದು ಸರಿ. ಅಳತೆಗೆ ಸಿಗುವುದು ಓಡಿದ ಹಾದಿ ಮಾತ್ರ. ಓಡದ ಹಾದಿಗಾಗಿ ಜಿಸಿಸಿ ಕಂಪೈಲರ್‌ಗೆ `-fstack-usage` ಎಂದು ಕೊಟ್ಟರೆ ಪ್ರತಿ ಫಂಕ್ಷನ್ ಎಷ್ಟು ಬೈಟ್ ತಿನ್ನುತ್ತದೆಂದು ಕಡತದಲ್ಲಿ ಬರೆದುಕೊಡುತ್ತದೆ. ಆಳವಾದ ಕರೆಸರಣಿಯನ್ನು ಹಿಡಿದು ಕೂಡಿಸಿ, ಅದಕ್ಕೆ ಟಾಸ್ಕ್ ಬದಲಾಗುವಾಗ ಉಳಿಸುವ ರಿಜಿಸ್ಟರ್‌ಗಳ 64 ಬೈಟ್ ಸೇರಿಸಬೇಕು. ದಶಮಾಂಶ ಲೆಕ್ಕದ ಘಟಕವಿರುವ ಕಾರ್ಟೆಕ್ಸ್-ಎಂ4 ಚಿಪ್‌ನಲ್ಲಿ ಇದು 200 ಬೈಟ್ ದಾಟುತ್ತದೆ. ಆದರೆ ಮೊದಲೇ ಕಂಪೈಲ್ ಆಗಿರುವ ಲೈಬ್ರರಿಯ ಫಂಕ್ಷನ್‌ಗಳು ಈ ಕಡತದಲ್ಲಿ ಇರುವುದಿಲ್ಲ, ತನ್ನನ್ನೇ ಕರೆದುಕೊಳ್ಳುವ ಫಂಕ್ಷನ್‌ಗೆ ಈ ಕೂಡಿಕೆ ನಿಲುಕುವುದಿಲ್ಲ. ಎರಡೂ ದಾರಿ ಬೇಕಾಗುವುದು ಇದಕ್ಕೇ.

ಕೊನೆಗೆ ಕಾವಲಿಗಾಗಿ `configCHECK_FOR_STACK_OVERFLOW` ಅನ್ನು 2ಕ್ಕೆ ಇಡುತ್ತಾರೆ. ಆಗ ಟಾಸ್ಕ್ ಬದಲಾಗುವಾಗಲೆಲ್ಲ ಸ್ಟ್ಯಾಕಿನ ತುದಿಯ ಕೆಲವು ಬೈಟ್‌ಗಳಲ್ಲಿ ಆ ಗುರುತು ಹಾಗೇ ಇದೆಯೇ ಎಂದು ಪರಿಶೀಲನೆ ನಡೆಯುತ್ತದೆ. ಆದರೆ ದೊಡ್ಡ ಅರೇ ಇರುವ ಫಂಕ್ಷನ್ ಆ ಬೈಟ್‌ಗಳನ್ನು ಮುಟ್ಟದೆ ಹಾರಿ ಆಚೆ ಬರೆದರೆ ಇದಕ್ಕೆ ತಿಳಿಯುವುದಿಲ್ಲ. ಅಂಥ ಅರೇಗಳನ್ನು ಸ್ಟ್ಯಾಕಿನಿಂದ ಹೊರಗೆ, `static` ಆಗಿ ಇಡುವುದು ಲೇಸು; ಮತ್ತೊಂದು ಟಾಸ್ಕ್ ಕೂಡ ಅದನ್ನು ಬಳಸುವುದಾದರೆ ಅದಕ್ಕೊಂದು ಮ್ಯೂಟೆಕ್ಸ್ ಬೇಕು.