ತೊಂಬತ್ತಕ್ಕೆ ಇನ್ನೆಷ್ಟು ಬೇಕು?

ಪೂರ್ವಸಿದ್ಧತಾ ಪರೀಕ್ಷೆ ಮುಗಿದು ಇಂಟರ್ನಲ್ ಅಂಕಗಳು ಕೈಸೇರಿದ ಮೇಲೆ ಎಸ್ಸೆಸ್ಸೆಲ್ಸಿ ಮಕ್ಕಳ ಮನೆಗಳಲ್ಲಿ ಒಂದು ಲೆಕ್ಕ ಶುರುವಾಗುತ್ತದೆ. ‘ಇಂಟರ್ನಲ್‌ನಲ್ಲಿ ಶೇ. 96 ಬಂದಿದೆ. ಒಟ್ಟು ಶೇ. 90 ಆಗಬೇಕಾದರೆ ವಾರ್ಷಿಕ ಪರೀಕ್ಷೆಯಲ್ಲಿ ಎಷ್ಟು ಬರಬೇಕು?’ ಹಲವರು ಥಟ್ಟನೆ ಶೇ. 84 ಎನ್ನುತ್ತಾರೆ. 96 ಮತ್ತು 84ರ ಸರಾಸರಿ 90 ತಾನೇ? ಆದರೆ ಈ ಉತ್ತರ ನಂಬಿ ಓದಿದವರಿಗೆ ಫಲಿತಾಂಶದ ದಿನ ಶೇ. 86.4 ಮಾತ್ರ ಸಿಗುತ್ತದೆ.

ಸರಾಸರಿ ತೆಗೆಯುವಾಗ ಎರಡೂ ಭಾಗಗಳನ್ನು ಸಮಾನವೆಂದು ಎಣಿಸಿದ್ದೇ ಇಲ್ಲಿನ ತಪ್ಪು. 625 ಅಂಕಗಳ ಎಸ್ಸೆಸ್ಸೆಲ್ಸಿ ಪದ್ಧತಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದ ಐದು ವಿಷಯಗಳಿಗೆ ತಲಾ 100. ಪ್ರಥಮ ಭಾಷೆಯಲ್ಲಿ 25 ಅಂಕ ಆಂತರಿಕ ಮೌಲ್ಯಮಾಪನಕ್ಕೆ, 100 ಲಿಖಿತ ಪರೀಕ್ಷೆಗೆ. ಬೇರೆ ವಿಷಯಗಳಲ್ಲಿ ಇದು 20 ಮತ್ತು 80. ಎಲ್ಲವನ್ನೂ ಕೂಡಿದರೆ ಇಂಟರ್ನಲ್ 125, ಲಿಖಿತ 500. ಅಂದರೆ ಲಿಖಿತ ಪರೀಕ್ಷೆಯ ತೂಕ ಇಂಟರ್ನಲ್‌ನ ನಾಲ್ಕು ಪಟ್ಟು.

ಸ್ನಾನಕ್ಕೆ ನೀರು ಹದ ಮಾಡುವವರಿಗೆ ಇದು ಗೊತ್ತು. ಒಂದು ಚೊಂಬು ಬಿಸಿನೀರನ್ನು ನಾಲ್ಕು ಚೊಂಬು ತಣ್ಣೀರಿಗೆ ಬೆರೆಸಿದರೆ ಹದ ಎರಡರ ನಡುಮಧ್ಯೆ ನಿಲ್ಲುವುದಿಲ್ಲ, ತಣ್ಣೀರಿನ ಕಡೆಗೇ ವಾಲುತ್ತದೆ. ಅಂಕಗಳೂ ಹಾಗೆಯೇ. ಇಂಟರ್ನಲ್‌ನಲ್ಲಿ ಗುರಿಗಿಂತ ಶೇ. 6 ಹೆಚ್ಚು ಗಳಿಸಿದ್ದರೂ, ನಾಲ್ಕು ಪಟ್ಟು ದೊಡ್ಡದಾದ ಲಿಖಿತ ಭಾಗಕ್ಕೆ ಹಂಚಿದಾಗ ಅದರಿಂದ ಸಿಗುವ ರಿಯಾಯಿತಿ ಒಂದೂವರೆ ಮಾತ್ರ. ಹಾಗಾಗಿ ಲಿಖಿತದಲ್ಲಿ ಶೇ. 84 ಸಾಲದು, ಸುಮಾರು 88.5 ಬೇಕು.

ಈ ಗೊಂದಲದಿಂದ ಪಾರಾಗಲು ಸುಲಭದ ದಾರಿಯೆಂದರೆ ಶೇಕಡಾವಾರನ್ನು ಬದಿಗಿಟ್ಟು ನೇರವಾಗಿ ಅಂಕಗಳಲ್ಲೇ ಲೆಕ್ಕ ಹಾಕುವುದು:

ಬೇಕಾದ ಶೇಕಡ = (ಗುರಿಯ ಒಟ್ಟು ಅಂಕ − ಕೈಯಲ್ಲಿರುವ ಅಂಕ) ÷ ಉಳಿದಿರುವ ಪರೀಕ್ಷೆಗಳ ಗರಿಷ್ಠ ಅಂಕ × 100

625ರ ಶೇ. 90 ಎಂದರೆ 562.5. ಒಟ್ಟು ಅಂಕ ಪೂರ್ಣಸಂಖ್ಯೆಯಲ್ಲೇ ಬರುವುದರಿಂದ ಗುರಿಯನ್ನು ಯಾವಾಗಲೂ ಮೇಲಕ್ಕೇ ಪೂರ್ಣಗೊಳಿಸಬೇಕು, ಇಲ್ಲದಿದ್ದರೆ ಅರ್ಧ ಅಂಕದಲ್ಲಿ ಗಡಿ ತಪ್ಪುತ್ತದೆ. ಎಸ್ಸೆಸ್ಸೆಲ್ಸಿಯ ‘ಎ ಪ್ಲಸ್’ ಶ್ರೇಣಿ 563ರಿಂದ ಆರಂಭವಾಗುವುದು ಇದೇ ಕಾರಣಕ್ಕೆ. ಒಬ್ಬ ವಿದ್ಯಾರ್ಥಿನಿಗೆ ಇಂಟರ್ನಲ್‌ನಲ್ಲಿ 125ಕ್ಕೆ 120, ಅಂದರೆ ಶೇ. 96 ಬಂದಿದೆ ಎಂದುಕೊಳ್ಳೋಣ. 563ರಲ್ಲಿ 120 ಕಳೆದರೆ 443. ಅದನ್ನು ಲಿಖಿತ ಪರೀಕ್ಷೆಯ 500ರಿಂದ ಗಳಿಸಬೇಕು. ಅದು ಶೇ. 88.6.

ಇಂಟರ್ನಲ್‌ನಲ್ಲಿ ಅವಳಿಗೆ 100 ಮಾತ್ರ ಬಂದಿದ್ದರೆ? ಆಗ 463 ಬೇಕು, ಶೇ. 92.6. ಇಂಟರ್ನಲ್ ಶೇ. 96ರಿಂದ 80ಕ್ಕೆ ಕುಸಿದರೂ ಮುಂದಿನ ಹೊರೆ ನಾಲ್ಕರಷ್ಟು ಮಾತ್ರ ಏರುತ್ತದೆ. ಚಿಕ್ಕ ಭಾಗದಲ್ಲಿ ಆದ ನಷ್ಟವನ್ನು ದೊಡ್ಡ ಭಾಗದಲ್ಲಿ ತುಂಬಿಕೊಳ್ಳುವುದು ಸಾಧ್ಯ. ದೊಡ್ಡ ಭಾಗದ ನಷ್ಟವನ್ನು ಚಿಕ್ಕ ಭಾಗದಲ್ಲಿ ತುಂಬುವುದು ಕಷ್ಟ. ಪರೀಕ್ಷೆ ಶುರುವಾದ ಮೇಲೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ.

ನಮ್ಮ ವಿದ್ಯಾರ್ಥಿನಿ ನಾಲ್ಕು ಪತ್ರಿಕೆ ಬರೆದು, ಪ್ರಥಮ ಭಾಷೆಯಲ್ಲಿ 100ಕ್ಕೆ 91, ಸಮಾಜ ವಿಜ್ಞಾನದಲ್ಲಿ 80ಕ್ಕೆ 68, ದ್ವಿತೀಯ ಭಾಷೆಯಲ್ಲಿ 70, ಗಣಿತದಲ್ಲಿ 66 ಬರಬಹುದೆಂದು ಅಂದಾಜಿಸುತ್ತಾಳೆ. ಒಟ್ಟು 295. ಬೇಕಿದ್ದ 443ರಲ್ಲಿ ಇನ್ನು 148 ಬಾಕಿ. ಉಳಿದಿರುವುದು ವಿಜ್ಞಾನ ಮತ್ತು ತೃತೀಯ ಭಾಷೆ, ಎರಡೂ ಸೇರಿ 160. ಬೇಕಾದ ಶೇಕಡ ಈಗ 92.5ಕ್ಕೆ ಏರಿದೆ. ಆರಂಭದ ಶೇ. 88.6ರ ಲೆಕ್ಕದಲ್ಲಿ ಈ ನಾಲ್ಕರಲ್ಲಿ ಸುಮಾರು 301 ಬರಬೇಕಿತ್ತು. ತಪ್ಪಿದ್ದು ಆರೇ ಅಂಕ. ಆದರೆ ಆ ಆರು ಈಗ 160 ಅಂಕಗಳ ಮೇಲೆ ಬಿದ್ದು ಶೇಕಡ ನಾಲ್ಕರಷ್ಟು ಹೊರೆಯಾಯಿತು. ವಿಜ್ಞಾನದಲ್ಲಿ 74ರ ಬದಲು 72 ಬಂದರೆ, ಕೊನೆಯ ಪತ್ರಿಕೆಯಲ್ಲಿ 80ಕ್ಕೆ 76 ಬೇಕು, ಶೇ. 95. ಮೊದಲ ದಿನ ಹೋದ ಅಂಕಕ್ಕೂ ಕೊನೆಯ ದಿನ ಹೋದ ಅಂಕಕ್ಕೂ ಬೆಲೆ ಒಂದೇ. ವ್ಯತ್ಯಾಸವಿರುವುದು ಅದನ್ನು ಹಿಂಪಡೆಯಲು ಉಳಿದಿರುವ ಜಾಗದಲ್ಲಿ.

ಸೂತ್ರದ ಉತ್ತರ ನೂರನ್ನು ದಾಟಿದರೆ ಗುರಿ ಕೈತಪ್ಪಿದೆ ಎಂದರ್ಥ. ಆಗ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು: ಇನ್ನುಳಿದುದರಲ್ಲಿ ಪೂರ್ಣ ಅಂಕ ಬಂದರೆ ಎಲ್ಲಿಗೆ ಮುಟ್ಟಬಹುದು? ನಾಲ್ಕು ಪತ್ರಿಕೆಯ ನಂತರ ಅವಳ ಮಟ್ಟಿಗೆ ಅದು 120, 295 ಮತ್ತು 160 ಸೇರಿ 575, ಅಂದರೆ ಶೇ. 92. ಆ ಹೊತ್ತಿಗೆ ಶೇ. 93ರ ಗುರಿ ಅವಳಿಗೆ ಇಲ್ಲ. ಶೇ. 90ರದು ಇದೆ.

ಈ ಲೆಕ್ಕದ ನಿಜವಾದ ಮಿತಿ ಇರುವುದು ಗಣಿತದಲ್ಲಲ್ಲ, ಅಂದಾಜಿನಲ್ಲಿ. 295 ಎಂಬುದು ಮೌಲ್ಯಮಾಪಕರು ಕೊಟ್ಟ ಅಂಕವಲ್ಲ, ಅವಳೇ ಎಣಿಸಿದ್ದು. ಪ್ರತಿ ಪತ್ರಿಕೆಯಲ್ಲಿ ಮೂರು ಅಂಕ ಅತ್ತಿತ್ತ ಆಗಬಹುದು ಎಂದಿಟ್ಟುಕೊಂಡರೆ, ನಾಲ್ಕರಲ್ಲೂ ಒಂದೇ ದಿಕ್ಕಿಗೆ ತಪ್ಪಿದಾಗ 12 ಅಂಕಗಳ ಏರುಪೇರು. ಆಗ ಬೇಕಾದುದು 136ರಿಂದ 160ರ ನಡುವೆ ಎಲ್ಲಿಯಾದರೂ ಇರಬಹುದು, ಅಂದರೆ ಶೇ. 85ರಿಂದ ಪೂರ್ಣ 100ರವರೆಗೆ! ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಎಣಿಸಿದ್ದರೆ ತಪ್ಪುಗಳು ಒಂದನ್ನೊಂದು ಕಳೆಯುತ್ತವೆ. ಆದರೆ ಸದಾ ಹೆಚ್ಚಾಗಿಯೇ ಎಣಿಸುವ ಅಭ್ಯಾಸವಿದ್ದರೆ ಅವು ಕಳೆಯುವುದಿಲ್ಲ, ಕೂಡುತ್ತಾ ಹೋಗುತ್ತವೆ. ಇದನ್ನು ಮುಂಚೆಯೇ ಪತ್ತೆಹಚ್ಚಲು ಸಾಧ್ಯ. ಪೂರ್ವಸಿದ್ಧತಾ ಪರೀಕ್ಷೆ ಬರೆದ ದಿನವೇ ಪ್ರತಿ ವಿಷಯದ ಅಂದಾಜನ್ನು ಬರೆದಿಟ್ಟು, ಉತ್ತರಪತ್ರಿಕೆ ಕೈಗೆ ಬಂದಾಗ ಹೋಲಿಸಬೇಕು. ಬಹುತೇಕ ವಿಷಯಗಳಲ್ಲಿ ಮೂರು ನಾಲ್ಕು ಅಂಕ ಹೆಚ್ಚೇ ಎಣಿಸಿದ್ದರೆ, ವಾರ್ಷಿಕ ಪರೀಕ್ಷೆಯ ಅಂದಾಜಿನಿಂದಲೂ ಅಷ್ಟನ್ನು ಕಳೆದೇ ಸೂತ್ರಕ್ಕೆ ಹಾಕಬೇಕು.

ಕೊನೆಗೆ ಅವಳ ಅಂದಾಜೇ ನಿಜವಾಗಿ, ಕೊನೆಯ ಎರಡು ಪತ್ರಿಕೆಗಳಲ್ಲಿ ತಲಾ 72 ಬಂದವು ಎನ್ನೋಣ. ಒಟ್ಟು 559, ಶೇ. 89.44. ಕೊರತೆ ನಾಲ್ಕು ಅಂಕ. 2024ರಲ್ಲಿ ಒಂದೇ ವರ್ಷ ಮೂರು ವಾರ್ಷಿಕ ಪರೀಕ್ಷೆ ನಡೆಸುವ ಪದ್ಧತಿ ರಾಜ್ಯದಲ್ಲಿ ಬಂದಾಗ, ಉತ್ತೀರ್ಣರಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು ಎಂದಾಯಿತು. ಇಂಥ ಅವಕಾಶದಲ್ಲಿ ಲೆಕ್ಕ ತುಸು ಬದಲಾಗುತ್ತದೆ. ಹೊಸ ಅಂಕ ಹಳೆಯದರ ಜಾಗದಲ್ಲಿ ಕೂರುವುದರಿಂದ, ಬೇಕಾದುದು ಹಳೆಯ ಅಂಕ ಮತ್ತು ಕೊರತೆ ಎರಡರ ಮೊತ್ತ. ವಿಜ್ಞಾನವನ್ನು ಮತ್ತೆ ಬರೆದರೆ ಅವಳಿಗೆ 76 ಬೇಕು. ಗಣಿತವನ್ನು ಬರೆದರೆ 70 ಸಾಕು.

ಹಾಗೆಂದು ಕಡಿಮೆ ಅಂಕದ ವಿಷಯವನ್ನೇ ಕಣ್ಣುಮುಚ್ಚಿ ಆರಿಸಬಾರದು. ಗಣಿತದಲ್ಲಿ 14 ಅಂಕ ಬಾಕಿ ಇದೆ ಎಂದು ಲೆಕ್ಕ ಹೇಳುತ್ತದೆ, ಅವು ಏಕೆ ಹೋದವು ಎಂದು ಹೇಳುವುದಿಲ್ಲ. ಉತ್ತರಪತ್ರಿಕೆಯ ನಕಲು ತರಿಸಿ ನೋಡಿದಾಗ ಹಂತ ಬಿಟ್ಟಿದ್ದಕ್ಕೆ, ಕೂಡುವಾಗ ತಪ್ಪಿದ್ದಕ್ಕೆ ನಾಲ್ಕೈದು ಅಂಕ ಹೋಗಿದ್ದರೆ ಅವು ಕೆಲವೇ ವಾರಗಳ ಅಭ್ಯಾಸದಲ್ಲಿ ಮರಳಿ ಬರುತ್ತವೆ. ಒಂದಿಡೀ ಅಧ್ಯಾಯವೇ ಅರ್ಥವಾಗದೆ ಹೋಗಿದ್ದರೆ, 72 ಬಂದ ವಿಜ್ಞಾನದಲ್ಲಿ ನಾಲ್ಕು ಅಂಕ ಹುಡುಕುವುದೇ ಹತ್ತಿರದ ದಾರಿಯಾಗಬಹುದು.