ಗುಳಿಗೆ ಮುಗಿದ ಮೇಲೆ ಶುರುವಾಗುವ ಭೇದಿ

ಆ್ಯಂಟಿಬಯೋಟಿಕ್ ಬಳಿಕ ಕಾಡುವ ಸಿ. ಡಿಫಿಸಿಲ್ ಸೋಂಕು ಪತ್ತೆಯಾಗುವುದು ಹೇಗೆ? ಹಾವೇರಿ ಜಿಲ್ಲೆಯ ತಾಲ್ಲೂಕುಗಳಿಂದ ದೂರದ ಲ್ಯಾಬಿಗೆ ಹೋಗುವ ಮಲದ ಮಾದರಿ ಏನನ್ನು ಕಳೆದುಕೊಳ್ಳುತ್ತದೆ?

ಆ್ಯಂಟಿಬಯೋಟಿಕ್ ತೆಗೆದುಕೊಂಡವರಿಗೆ ಹೊಟ್ಟೆ ಕೆಡುವುದು ಹೊಸದೇನಲ್ಲ. ಹೆಚ್ಚಿನವರಿಗೆ ಗುಳಿಗೆ ನಿಲ್ಲಿಸಿದ ಎರಡು-ಮೂರು ದಿನಗಳಲ್ಲಿ ಅದು ತಾನಾಗಿಯೇ ಸರಿಹೋಗುತ್ತದೆ. ಕೆಲವರಿಗೆ ಮಾತ್ರ ಹಾಗಾಗುವುದಿಲ್ಲ. ಕೋರ್ಸ್ ಮುಗಿದು ವಾರ ಕಳೆದ ಮೇಲೂ ದಿನಕ್ಕೆ ನಾಲ್ಕೈದು ಬಾರಿ ನೀರಿನಂತೆ ಭೇದಿಯಾಗುತ್ತದೆ, ಕೆಳಹೊಟ್ಟೆ ಹಿಂಡುತ್ತದೆ, ಸಣ್ಣ ಜ್ವರ ಬರುತ್ತದೆ. ಇವರಲ್ಲಿ ಒಂದು ಪಾಲು ಜನರ ದೊಡ್ಡ ಕರುಳಿನಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಕಾರುತ್ತಿರುತ್ತದೆ. ವೈದ್ಯರ ಬಾಯಲ್ಲಿ ಇದು ಸಿ. ಡಿಫಿಸಿಲ್.

ಇದು ಅಮೆರಿಕ, ಯುರೋಪಿನ ಆಸ್ಪತ್ರೆಗಳ ಕಾಯಿಲೆ ಎಂಬ ಭಾವನೆ ನಮ್ಮಲ್ಲಿ ಬಹುಕಾಲ ಇತ್ತು. ಆದರೆ ಕರಾವಳಿ ಕರ್ನಾಟಕದ ದೊಡ್ಡ ಆಸ್ಪತ್ರೆಯೊಂದರ ಮಕ್ಕಳಲ್ಲಿ ಇದನ್ನು ಹುಡುಕಿದ ಅಧ್ಯಯನ 2015ರಲ್ಲೇ ಪ್ರಕಟವಾಗಿದೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಂಥ ತಾಲ್ಲೂಕುಗಳಲ್ಲಿ ಈ ಹೆಸರು ಅಪರೂಪಕ್ಕೆ ಕೇಳಿಬರುವುದಕ್ಕೆ ಪತ್ತೆಹಚ್ಚುವ ಕಷ್ಟವೇ ಒಂದು ದೊಡ್ಡ ಕಾರಣ. ಸಾಮಾನ್ಯ ಮಲ ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ. ಬೇಕಾದ ಪರೀಕ್ಷೆಯನ್ನು ಹೆಸರು ಹೇಳಿಯೇ ಕೇಳಬೇಕು, ಮಾದರಿ ಹಲವು ಸಲ ಹುಬ್ಬಳ್ಳಿಯಂಥ ದೊಡ್ಡ ಊರಿನ ಲ್ಯಾಬ್ ಮುಟ್ಟಬೇಕು.

ಜಾಗ ತೆರವಾದಾಗ

ಸಿ. ಡಿಫಿಸಿಲ್ ದೇಹದೊಳಗೆ ಬರುವುದು ಬೀಜಕಣದ ರೂಪದಲ್ಲಿ. ಗಟ್ಟಿ ಕವಚದ ಈ ಬೀಜಕಣಗಳು ಹೊಟ್ಟೆಯ ಆಮ್ಲಕ್ಕೂ ಸ್ಯಾನಿಟೈಸರಿನ ಆಲ್ಕೋಹಾಲಿಗೂ ಜಗ್ಗುವುದಿಲ್ಲ. ಸಣ್ಣ ಕರುಳಿಗೆ ಇಳಿದಾಗ ಪಿತ್ತರಸದ ಕೆಲವು ಲವಣಗಳು ಅವುಗಳನ್ನು ಮೊಳೆಯುವಂತೆ ಮಾಡುತ್ತವೆ. ಆರೋಗ್ಯವಂತರಲ್ಲಿ ಕಥೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ದೊಡ್ಡ ಕರುಳಿನ ಕಾಯಂ ನಿವಾಸಿ ಬ್ಯಾಕ್ಟೀರಿಯಾಗಳು ಅದೇ ಪಿತ್ತ ಲವಣಗಳನ್ನು ಬೇರೊಂದು ರೂಪಕ್ಕೆ ಬದಲಿಸುತ್ತವೆ, ಆ ರೂಪ ಸಿ. ಡಿಫಿಸಿಲ್ ಬೆಳೆಯದಂತೆ ತಡೆಯುತ್ತದೆ. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಕ್ಲಿಂಡಾಮೈಸಿನ್, ಆಫ್ಲೋಕ್ಸಾಸಿನ್ ಬಗೆಯ ಔಷಧಗಳು ಈ ನಿವಾಸಿಗಳನ್ನು ಕೊಂದರೆ ತಡೆ ಇಲ್ಲವಾಗುತ್ತದೆ. ಅವು ಮರಳಿ ನೆಲೆಯೂರಲು ವಾರಗಳು ಬೇಕು. ಆದ್ದರಿಂದಲೇ ಭೇದಿ ಕೆಲವೊಮ್ಮೆ ಗುಳಿಗೆ ಮುಗಿದ ಎಷ್ಟೋ ದಿನಗಳ ನಂತರ ಶುರುವಾಗುತ್ತದೆ.

ಆಮೇಲೆ ಹಾನಿ ಮಾಡುವುದು ಟಾಕ್ಸಿನ್ ಎ ಮತ್ತು ಟಾಕ್ಸಿನ್ ಬಿ ಎಂಬ ಎರಡು ದೊಡ್ಡ ಪ್ರೋಟೀನುಗಳು. ಇವು ಕರುಳಿನ ಒಳಪದರದ ಜೀವಕೋಶವನ್ನು ಹೊಕ್ಕು, ರೋ ಎಂಬ ಗುಂಪಿನ ಪ್ರೋಟೀನುಗಳಿಗೆ ಒಂದು ಗ್ಲುಕೋಸ್ ಅಣುವನ್ನು ಅಂಟಿಸುತ್ತವೆ. ಅಷ್ಟರಿಂದಲೇ ಆ ಪ್ರೋಟೀನು ಕೆಲಸ ನಿಲ್ಲಿಸುತ್ತದೆ. ಮನೆಗೆ ತೊಲೆ-ಕಂಬಗಳು ಹೇಗೋ ಹಾಗೆ ಜೀವಕೋಶದ ಆಕಾರವನ್ನು ಹಿಡಿದಿಡುವ ಆಕ್ಟಿನ್ ಎಳೆಗಳು ನಿಂತಿರುವುದು ಅದರ ಅಪ್ಪಣೆಯ ಮೇಲೆ. ಎಳೆಗಳು ಕುಸಿದಾಗ ಜೀವಕೋಶ ಉರುಟಾಗಿ ಪಕ್ಕದ ಕೋಶದ ಹಿಡಿತವನ್ನು ಬಿಡುತ್ತದೆ. ಸಂದುಗಳಿಂದ ನೀರು ಸೋರುತ್ತದೆ, ಉರಿಯೂತ ಏಳುತ್ತದೆ. ರೋಗ ಬಲಿತರೆ ಸತ್ತ ಜೀವಕೋಶ ಮತ್ತು ಕೀವು ಸೇರಿ ಕರುಳಿನ ಗೋಡೆಯ ಮೇಲೆ ಹಳದಿ ಪೊರೆಗಳು ಕಟ್ಟುತ್ತವೆ, ಕೊಲೊನೋಸ್ಕೋಪಿಯಲ್ಲಿ ಕಾಣುವುದು ಇವೇ. ಕೆಲವು ತಳಿಗಳು ಬೈನರಿ ಟಾಕ್ಸಿನ್ ಎಂಬ ಮೂರನೆಯ ವಿಷವನ್ನೂ ತಯಾರಿಸುತ್ತವೆ. ಟಾಕ್ಸಿನ್ ಎ ಮತ್ತು ಬಿ ಎರಡರ ಜೀನ್ ಕೂಡ ಇಲ್ಲದ ತಳಿಗಳು ಸಾಮಾನ್ಯವಾಗಿ ಈ ಕಾಯಿಲೆ ತರುವುದಿಲ್ಲ.

ಹ್ಯಾಮ್‌ಸ್ಟರ್‌ಗಳು ಕೊಟ್ಟ ಸುಳಿವು

ಈ ಬ್ಯಾಕ್ಟೀರಿಯಾವನ್ನು ಹಾಲ್ ಮತ್ತು ಓಟೂಲ್ 1935ರಲ್ಲಿ ಮೊದಲು ವರ್ಣಿಸಿದ್ದು ಆರೋಗ್ಯವಂತ ಎಳೆಗೂಸುಗಳ ಮಲದಲ್ಲಿ. ಈ ಜೀವಿ ಇದೆ ಎಂದ ಮಾತ್ರಕ್ಕೆ ರೋಗ ಇದೆ ಎಂದಾಗುವುದಿಲ್ಲ ಎಂಬ ಸಂಗತಿ ಅಲ್ಲಿಂದಲೇ ನಮ್ಮ ಮುಂದಿದೆ. 1974ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಟೆಡೆಸ್ಕೊ ಮತ್ತು ಸಂಗಡಿಗರು ಕ್ಲಿಂಡಾಮೈಸಿನ್ ಪಡೆದ 200 ರೋಗಿಗಳನ್ನು ಗಮನಿಸಿದರು. 42 ಮಂದಿಗೆ ಭೇದಿಯಾಗಿತ್ತು, 20 ಮಂದಿಯ ಕರುಳಿನಲ್ಲಿ ಪೊರೆ ಕಟ್ಟಿತ್ತು. ಕಾರಣ ಔಷಧವೇ ಇರಬೇಕು ಎಂದು ಆಗ ಅನಿಸಿತ್ತು.

ಕೆಲವು ವರ್ಷಗಳಲ್ಲಿ ಜಾನ್ ಬಾರ್ಟ್‌ಲೆಟ್ ಅವರ ತಂಡ ಹ್ಯಾಮ್‌ಸ್ಟರ್ ಎಂಬ ಇಲಿ ಜಾತಿಯ ಪ್ರಾಣಿಗಳಿಗೆ ಅದೇ ಔಷಧ ಕೊಟ್ಟು ನೋಡಿತು. ಕರುಳು ಕೆಟ್ಟ ಪ್ರಾಣಿಗಳ ಮಲವನ್ನು ಸೋಸಿ, ಬ್ಯಾಕ್ಟೀರಿಯಾ ತೆಗೆದು ಪರೀಕ್ಷಿಸಿದಾಗ ಆ ತಿಳಿಯಲ್ಲೇ ವಿಷ ಇತ್ತು. ಕ್ಲಾಸ್ಟ್ರಿಡಿಯಂ ಸಾರ್ಡೆಲ್ಲಿ ಎಂಬ ಬೇರೊಂದು ಬ್ಯಾಕ್ಟೀರಿಯಾಕ್ಕೆಂದು ಮಾಡಿದ್ದ ಪ್ರತಿವಿಷ ಆ ವಿಷವನ್ನು ತಣಿಸಿತು. ಹಾಗಾಗಿ ಮೊದಲು ಸಂಶಯ ಬಿದ್ದದ್ದು ಸಾರ್ಡೆಲ್ಲಿಯ ಮೇಲೆ. ಮಲದಲ್ಲಿ ಸಿಕ್ಕಿದ್ದು ಮಾತ್ರ ಸಿ. ಡಿಫಿಸಿಲ್. ಎರಡರ ವಿಷಗಳು ಒಂದನ್ನೊಂದು ಹೋಲುವುದರಿಂದ ಒಂದರ ಪ್ರತಿವಿಷ ಇನ್ನೊಂದಕ್ಕೂ ನಾಟಿತ್ತು. 1978ರ ಹೊತ್ತಿಗೆ ರೋಗಿಗಳಲ್ಲೂ ಇದೇ ಕಾರಣ ಎಂಬುದು ಸ್ಥಿರವಾಯಿತು.

ಇಂದಿಗೂ ಅತ್ಯಂತ ವಿಶ್ವಾಸಾರ್ಹ ಎನಿಸಿರುವ ಪರೀಕ್ಷೆ ಹುಟ್ಟಿದ್ದು ಇದೇ ಕ್ರಮದಿಂದ. ಮಲವನ್ನು ದ್ರಾವಣದಲ್ಲಿ ಕಲಸಿ, ಸೋಸಿ, ಆ ತಿಳಿಯನ್ನು ಲ್ಯಾಬಿನಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಹಾಕುತ್ತಾರೆ. ಪಕ್ಕದ ಇನ್ನೊಂದು ಗುಳಿಯಲ್ಲಿ ಅದೇ ತಿಳಿಗೆ ಪ್ರತಿವಿಷ ಬೆರೆಸಿರುತ್ತಾರೆ. 24 ಮತ್ತು 48 ಗಂಟೆಗಳ ಬಳಿಕ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮೊದಲ ಗುಳಿಯ ಕೋಶಗಳು ಉರುಟಾಗಿ, ಎರಡನೆಯದರಲ್ಲಿ ಹಾಗೆಯೇ ಇದ್ದರೆ ಹಾನಿ ಮಾಡಿದ್ದು ಈ ಟಾಕ್ಸಿನ್ನೇ. ಎರಡೂ ಕಡೆ ಕೋಶಗಳು ಕೆಟ್ಟಿದ್ದರೆ ಕಾರಣ ಬೇರೆ. ಆದರೆ ಜೀವಕೋಶಗಳನ್ನು ಸದಾ ಸಾಕಬೇಕಾದ ಈ ವಿಧಾನ ಎಲ್ಲ ಲ್ಯಾಬ್‌ಗಳಿಗೂ ನಿಲುಕುವುದಿಲ್ಲ.

ಮೂರು ಪರೀಕ್ಷೆ, ಮೂರು ಉತ್ತರ

ದಿನನಿತ್ಯ ಬಳಕೆಯಲ್ಲಿರುವ ಪರೀಕ್ಷೆಗಳು ಮೂರು. ಮೊದಲನೆಯದು ಜಿಡಿಎಚ್ ಎಂಬ ಕಿಣ್ವವನ್ನು ಹುಡುಕುತ್ತದೆ. ಸಿ. ಡಿಫಿಸಿಲ್‌ನ ಎಲ್ಲ ತಳಿಗಳೂ ಇದನ್ನು ಧಾರಾಳವಾಗಿ ತಯಾರಿಸುತ್ತವೆ, ಆದ್ದರಿಂದ ಇದು ನೆಗೆಟಿವ್ ಬಂದರೆ ಬ್ಯಾಕ್ಟೀರಿಯಾ ಇಲ್ಲ ಎಂದು ಬಹುಮಟ್ಟಿಗೆ ನಂಬಬಹುದು. ಪಾಸಿಟಿವ್ ಬಂದರೆ ಬ್ಯಾಕ್ಟೀರಿಯಾ ಇದೆ, ವಿಷದ ಮಾತು ಗೊತ್ತಿಲ್ಲ. ಎರಡನೆಯದು ಪಿಸಿಆರ್. ಟಾಕ್ಸಿನ್ ತಯಾರಿಸುವ ಜೀನ್ ಇದೆಯೇ ಎಂಬುದಷ್ಟನ್ನೇ ಅದು ಹೇಳುತ್ತದೆ, ಆ ಜೀನ್ ಈಗ ಕೆಲಸ ಮಾಡುತ್ತಿದೆಯೇ ಎಂಬುದನ್ನಲ್ಲ. ಮೂರನೆಯದು ಟಾಕ್ಸಿನ್ ಎ ಮತ್ತು ಬಿಯನ್ನೇ ಹಿಡಿಯುವ ಪರೀಕ್ಷೆ. ಇದು ಪಾಸಿಟಿವ್ ಎಂದರೆ ನಂಬಬಹುದು. ಆದರೆ ವಿಷದ ಪ್ರಮಾಣ ಕಡಿಮೆ ಇದ್ದಾಗ ಗಣನೀಯ ಸಂಖ್ಯೆಯ ನಿಜವಾದ ರೋಗಿಗಳೂ ಇದರ ಕಣ್ಣು ತಪ್ಪುತ್ತಾರೆ.

ಈ ವ್ಯತ್ಯಾಸ ಎಷ್ಟು ಮುಖ್ಯ ಎಂಬುದನ್ನು ಕ್ಯಾಲಿಫೋರ್ನಿಯಾದ ಆಸ್ಪತ್ರೆಯೊಂದರ 1,416 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪಿಸಿಆರ್ ಪಾಸಿಟಿವ್ ಬಂದವರು 293 ಮಂದಿ, ಅವರಲ್ಲಿ ಟಾಕ್ಸಿನ್ ಸಿಕ್ಕಿದ್ದು 131 ಮಂದಿಗೆ ಮಾತ್ರ. ಜೀನ್ ಇದ್ದು ಟಾಕ್ಸಿನ್ ಸಿಗದ ಉಳಿದವರಲ್ಲಿ ಬಹುತೇಕರು ಯಾವ ಚಿಕಿತ್ಸೆಯೂ ಇಲ್ಲದೆ, ಸಿ. ಡಿಫಿಸಿಲ್ ಇಲ್ಲದವರಂತೆಯೇ ಚೇತರಿಸಿಕೊಂಡರು. ಹೀಗಾಗಿ ಜಿಡಿಎಚ್ ಮತ್ತು ಟಾಕ್ಸಿನ್ ಎರಡನ್ನೂ ಒಂದೇ ಕಾರ್ಡಿನಲ್ಲಿ ಮೊದಲು ನೋಡಿ, ಉತ್ತರಗಳು ಹೊಂದದಿದ್ದಾಗ ಪಿಸಿಆರ್‌ಗೆ ಹೋಗುವ ಕ್ರಮವನ್ನು ಅನೇಕ ಲ್ಯಾಬ್‌ಗಳು ಅನುಸರಿಸುತ್ತವೆ.

ಡಬ್ಬಿಯ ಪ್ರಯಾಣ

ಈಗ ಒಂದು ಸನ್ನಿವೇಶವನ್ನು ಊಹಿಸಿಕೊಳ್ಳೋಣ. ಹಾನಗಲ್ ತಾಲ್ಲೂಕಿನ ಹಳ್ಳಿಯೊಂದರ 68 ವರ್ಷದ ಅಜ್ಜಿಗೆ ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾಗಿದೆ. ಆಸ್ಪತ್ರೆಯಲ್ಲಿ ಐದು ದಿನ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಮನೆಗೆ ಬಂದ ಮೇಲೆ ಐದು ದಿನ ಸೆಫಿಕ್ಸಿಮ್ ಗುಳಿಗೆ. ಅದು ಮುಗಿದ ಆರನೆಯ ದಿನ ಜುಲಾಬು ಶುರು. ಮನೆಯವರು ಮೆಡಿಕಲ್ ಶಾಪಿನಿಂದ ಆಫ್ಲೋಕ್ಸಾಸಿನ್-ಆರ್ನಿಡಜೋಲ್ ಜೋಡಿ ಗುಳಿಗೆ ತರುತ್ತಾರೆ. ಭೇದಿಗೆ ನಮ್ಮಲ್ಲಿ ಸಲೀಸಾಗಿ ಕೈಗೆ ಬರುವ ಗುಳಿಗೆ ಅದು. ಆದರೆ ಅದರಲ್ಲಿರುವ ಆಫ್ಲೋಕ್ಸಾಸಿನ್ ಸಿ. ಡಿಫಿಸಿಲ್‌ಗೆ ಜಾಗ ತೆರವು ಮಾಡುವ ಔಷಧಗಳ ಗುಂಪಿನದೇ. ಮೂರು ದಿನವಾದರೂ ಭೇದಿ ನಿಲ್ಲುವುದಿಲ್ಲ, ಬಿಳಿ ರಕ್ತಕಣ 17,000ಕ್ಕೆ ಏರಿದೆ. ವಯಸ್ಕರಲ್ಲಿ ಈ ಎಣಿಕೆ 15,000 ಮುಟ್ಟಿದರೆ ರೋಗ ತೀವ್ರ ಎಂದೇ ಲೆಕ್ಕ. ವೈದ್ಯರು ಸಿ. ಡಿಫಿಸಿಲ್ ಪರೀಕ್ಷೆ ಬರೆಯುತ್ತಾರೆ.

ಬೆಳಿಗ್ಗೆ ಏಳಕ್ಕೆ ತೆಗೆದ ಮಲ ಡಬ್ಬಿಯಲ್ಲಿ ಹಾಗೆಯೇ ಕುಳಿತು, ಬಸ್ಸಿನ ಬಿಸಿಲಲ್ಲಿ ಸಾಗಿ, ಮಧ್ಯಾಹ್ನ ಎರಡಕ್ಕೆ ಹುಬ್ಬಳ್ಳಿಯ ಲ್ಯಾಬ್ ಸೇರುತ್ತದೆ. ವರದಿ ಹೀಗಿದೆ: ಜಿಡಿಎಚ್ ಪಾಸಿಟಿವ್, ಟಾಕ್ಸಿನ್ ನೆಗೆಟಿವ್. ಪಿಸಿಆರ್ ಮಾಡಿದರೆ ಜೀನ್ ಇದೆ. ಈ ಅಜ್ಜಿ ಬ್ಯಾಕ್ಟೀರಿಯಾ ಹೊತ್ತವರಷ್ಟೇ, ರೋಗ ಬೇರೇನೋ ಇದೆ ಎಂದು ಓದಬಹುದೇ?

ಹಾಗೆ ಓದುವ ಮುನ್ನ ಗಡಿಯಾರ ನೋಡಬೇಕು. ಈ ಟಾಕ್ಸಿನ್ ಕೋಣೆಯ ಉಷ್ಣತೆಯಲ್ಲಿ ಬೇಗ ಒಡೆದುಹೋಗುತ್ತದೆ, ಎರಡು ಗಂಟೆಯೊಳಗೇ ಪತ್ತೆಯಾಗದ ಮಟ್ಟಕ್ಕೆ ಇಳಿಯಬಲ್ಲದು. ಜಿಡಿಎಚ್ ಮತ್ತು ಜೀನ್ ಅಷ್ಟು ಬೇಗ ಹಾಳಾಗುವುದಿಲ್ಲ. ಆದ್ದರಿಂದ ದೂರದಿಂದ ತಣಿಸದೆ ಬಂದ ಮಾದರಿಯಲ್ಲಿ ರೋಗಿಯ ವರದಿಯೂ ಬರೀ ವಾಹಕರ ವರದಿಯಂತೆಯೇ ಕಾಣುತ್ತದೆ. ಸಾಮಾನ್ಯವಾಗಿ ಒಂದೇ ವಾರದಲ್ಲಿ ಪರೀಕ್ಷೆಯನ್ನು ಮತ್ತೆ ಮಾಡಬಾರದು ಎಂಬ ನಿಯಮವಿದೆ. ಆದರೆ ಮಾದರಿಯೇ ಕೆಟ್ಟಿದೆ ಎಂದು ಗೊತ್ತಾದಾಗ ಎರಡನೆಯದನ್ನು ಕೇಳುವುದು ಸರಿ. ಈ ಸಲ ಒಣ ಡಬ್ಬಿಯಲ್ಲಿ ತೆಗೆದು, ಬಿಗಿಯಾಗಿ ಮುಚ್ಚಿ, ಕೂಡಲೇ 2ರಿಂದ 8 ಡಿಗ್ರಿ ತಂಪಿನಲ್ಲಿಟ್ಟು, ಐಸ್ ಪ್ಯಾಕ್ ಇರುವ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕಳಿಸಿದರೆ ಟಾಕ್ಸಿನ್ ಗೆರೆ ಮೂಡಬಹುದು. ಮೂಡದಿದ್ದರೂ ಇಷ್ಟು ತೀವ್ರ ಲಕ್ಷಣಗಳಿರುವಾಗ ವೈದ್ಯರು ಉತ್ತರಕ್ಕೆ ಕಾಯದೆ ಚಿಕಿತ್ಸೆ ಆರಂಭಿಸುತ್ತಾರೆ.

ಮಾದರಿಯ ವಿಚಾರದಲ್ಲಿ ಇನ್ನೂ ಎರಡು ಮಾತಿವೆ. ಪರೀಕ್ಷೆಗೆ ಬೇಕಾದುದು ಡಬ್ಬಿಯ ಆಕಾರ ತಾಳುವಷ್ಟು ತೆಳುವಾದ ಮಲ. ಗಟ್ಟಿ ಮಲದಲ್ಲಿ ಬ್ಯಾಕ್ಟೀರಿಯಾ ಸಿಕ್ಕರೂ ಅದು ರೋಗವಲ್ಲ. ಒಂದು ವರ್ಷದೊಳಗಿನ ಮಕ್ಕಳಲ್ಲಿ ಇದನ್ನು ಮಾಡಿಸುವುದೂ ಸರಿಯಲ್ಲ, ಏಕೆಂದರೆ ಅವರಲ್ಲಿ ಅನೇಕರು ಬ್ಯಾಕ್ಟೀರಿಯಾ ಮತ್ತು ಟಾಕ್ಸಿನ್ ಎರಡನ್ನೂ ಹೊತ್ತೇ ಆರೋಗ್ಯವಾಗಿರುತ್ತಾರೆ.

ಚಿಕಿತ್ಸೆ ಮತ್ತು ಚೀಟಿ

ಸಾಧ್ಯವಿದ್ದರೆ ಕಾರಣವಾದ ಆ್ಯಂಟಿಬಯೋಟಿಕ್ ನಿಲ್ಲಿಸುವುದು ಮೊದಲ ಕೆಲಸ. ಭೇದಿ ಕಟ್ಟುವ ಲೋಪೆರಮೈಡ್ ಗುಳಿಗೆಯನ್ನು ತಾವಾಗಿಯೇ ನುಂಗಬಾರದು, ವಿಷ ಕರುಳಿನಲ್ಲೇ ನಿಲ್ಲುವ ಅಪಾಯವಿದೆ. ವ್ಯಾಂಕೊಮೈಸಿನ್ 125 ಮಿಲಿಗ್ರಾಂ, ದಿನಕ್ಕೆ ನಾಲ್ಕು ಬಾರಿ, ಹತ್ತು ದಿನ ಬಾಯಿಯ ಮೂಲಕ ಕೊಡುವುದು ರೂಢಿಯ ಚಿಕಿತ್ಸೆ. ನರಕ್ಕೆ ಕೊಟ್ಟ ವ್ಯಾಂಕೊಮೈಸಿನ್ ಕರುಳಿನ ಒಳಗೆ ಇಳಿಯುವುದಿಲ್ಲ. ಹಾಗಾಗಿ ಕ್ಯಾಪ್ಸೂಲ್ ಸಿಗದಾಗ ಇಂಜೆಕ್ಷನ್ ಪುಡಿಯನ್ನೇ ಆಸ್ಪತ್ರೆಯಲ್ಲಿ ಕರಗಿಸಿ ಕುಡಿಸುವುದುಂಟು. ಸುಮಾರು ಐವರಲ್ಲಿ ಒಬ್ಬರಿಗೆ ಕೆಲವೇ ವಾರಗಳಲ್ಲಿ ಭೇದಿ ಮರಳುತ್ತದೆ. ಭೇದಿ ನಿಂತವರಲ್ಲಿ ಮಾತ್ರ ವಾಸಿಯಾಯಿತೇ ಎಂದು ಮತ್ತೆ ಪರೀಕ್ಷಿಸಬಾರದು, ಏಕೆಂದರೆ ಗುಣವಾದ ಮೇಲೂ ವಾರಗಟ್ಟಲೆ ಪಾಸಿಟಿವ್ ಬರಬಹುದು. ಆರೈಕೆ ಮಾಡುವವರು ಸೋಪು-ನೀರಿನಿಂದ ಕೈ ಉಜ್ಜಿ ತೊಳೆಯಬೇಕು, ಶೌಚಾಲಯವನ್ನು ಬ್ಲೀಚ್ ಹಾಕಿ ತೊಳೆಯಬೇಕು.

ಇಷ್ಟೆಲ್ಲ ಶುರುವಾಗುವುದು ವೈದ್ಯರ ಒಂದು ಪ್ರಶ್ನೆಯಿಂದ: ಕಳೆದ ಮೂರು ತಿಂಗಳಲ್ಲಿ ಯಾವ ಆ್ಯಂಟಿಬಯೋಟಿಕ್ ತೆಗೆದುಕೊಂಡಿರಿ? ಬಿಳಿ ಗುಳಿಗೆ, ಕೆಂಪು ಕ್ಯಾಪ್ಸೂಲ್ ಎಂಬ ಉತ್ತರದಿಂದ ಪ್ರಯೋಜನವಿಲ್ಲ. ಸೆಫಿಕ್ಸಿಮ್‌ನಂಥ ಔಷಧಗಳು 2014ರಿಂದ ಎಚ್1 ಪಟ್ಟಿಯಲ್ಲಿವೆ. ಅವನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ರೋಗಿಯ ಹೆಸರಿನೊಂದಿಗೆ ಬರೆದು ಮೂರು ವರ್ಷ ಇಡಬೇಕು. ಚೀಟಿ ಕಳೆದುಹೋಗಿದ್ದರೆ ಆ ಅಂಗಡಿಯಲ್ಲೇ ವಿಚಾರಿಸಬಹುದು. ಮಾದರಿಯ ಜೊತೆ ಹೋಗುವ ಕಾಗದದ ಮೇಲೆ ಆ ಔಷಧದ ಹೆಸರು, ಅದು ಮುಗಿದ ದಿನಾಂಕ, ಮಲ ತೆಗೆದ ಗಂಟೆ, ತಂಪಿನಲ್ಲಿ ಬಂದಿದೆಯೇ ಇಲ್ಲವೇ ಎಂಬುದನ್ನು ಬರೆಸಿ. ಟಾಕ್ಸಿನ್ ನೆಗೆಟಿವ್ ಎಂಬ ವರದಿಯನ್ನು ನಂಬಬೇಕೋ ಬೇಡವೋ ಎಂದು ವೈದ್ಯರು ತೀರ್ಮಾನಿಸುವುದು ಈ ನಾಲ್ಕು ವಿವರಗಳ ಮೇಲೆಯೇ.