ಶೇ. 5 ನಿಜವಾಗಿಯೂ ಶೇ. 4ಕ್ಕಿಂತ ಹೆಚ್ಚೇ?

ಸಣ್ಣ ಯೂಟ್ಯೂಬ್ ಚಾನೆಲ್ ಒಂದರ ಹಳೆಯ ಥಂಬ್‌ನೇಲ್ 2,000 ಬಾರಿ ಪರದೆಯ ಮೇಲೆ ಕಾಣಿಸಿಕೊಂಡು 80 ಕ್ಲಿಕ್ ಗಳಿಸಿತು ಎನ್ನೋಣ. ಹೊಸದಕ್ಕೆ ಅಷ್ಟೇ ಪ್ರದರ್ಶನದಲ್ಲಿ 100 ಕ್ಲಿಕ್. ಶೇ. 4 ಇದ್ದದ್ದು ಶೇ. 5 ಆಯಿತೆಂದು ಹಿಗ್ಗುವ ಮೊದಲು ಒಂದು ಲೆಕ್ಕ ಹಾಕಬೇಕು.

```
p ± 1.96 × √(p(1−p)/n)
```

p ಎಂದರೆ ಕ್ಲಿಕ್ ದರ, n ಎಂದರೆ ಪ್ರದರ್ಶನಗಳ ಸಂಖ್ಯೆ. ಹಳೆಯದಕ್ಕೆ 0.04 ಮತ್ತು 2,000 ಹಾಕಿದರೆ ಶೇ. 95ರ ವಿಶ್ವಾಸಾಂತರ ಸುಮಾರು ಶೇ. 3.1ರಿಂದ 4.9, ಹೊಸದಕ್ಕೆ 4.0ರಿಂದ 6.0. ಆದರೆ ನಮಗೆ ಬೇಕಾದದ್ದು ಇವೆರಡರ ವ್ಯತ್ಯಾಸ. ವರ್ಗಮೂಲದೊಳಗಿನ ಎರಡೂ ಮೊತ್ತಗಳನ್ನು ಕೂಡಿಸಿ ಅದೇ ಲೆಕ್ಕ ಮಾಡಿದರೆ, ವ್ಯತ್ಯಾಸ −0.3ರಿಂದ 2.3 ಶೇಕಡಾ ಅಂಶಗಳ ನಡುವೆ ಎಲ್ಲಾದರೂ ಇರಬಹುದು. ಸೊನ್ನೆಯೂ ಅದರೊಳಗೇ ಇದೆ! ಹೊಸದು ಗೆದ್ದಿತೆನ್ನಲು ಇಷ್ಟು ಸಾಲದು.

ಕ್ಲಿಕ್‌ಗಳು ತೀರಾ ಕಡಿಮೆಯಿದ್ದರೆ ಈ ಸೂತ್ರವೇ ಕೈಕೊಡುತ್ತದೆ. 200 ಪ್ರದರ್ಶನಕ್ಕೆ 3 ಕ್ಲಿಕ್ ಬಂದರೆ ಕೆಳಮಿತಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಋಣ ಕ್ಲಿಕ್ ಎಂಬುದುಂಟೆ? ಅಲ್ಲಿ ವಿಲ್ಸನ್ ಸೂತ್ರ ಬಳಸಿ, ಶೇ. 0.5ರಿಂದ 4.3 ಎಂಬ ನಂಬಬಹುದಾದ ಉತ್ತರ ಸಿಗುತ್ತದೆ.

ಒಬ್ಬನೇ ವೀಕ್ಷಕನಿಗೆ ಅದೇ ಚಿತ್ರ ಹಲವು ಬಾರಿ ಕಾಣುವುದರಿಂದ ನಿಜವಾದ ಅಂತರ ಇದಕ್ಕಿಂತಲೂ ಅಗಲವಾಗಿರುವ ಸಂಭವವೇ ಹೆಚ್ಚು.